ರಿಲೇ ಆಟೋಟ್ಯೂನಿಂಗ್: ಲೂಪ್ ಕೈಮೀರದೆ ಅದರ ಗಡಿ ತಿಳಿಯುವುದು ಹೇಗೆ?

ಪ್ರಶ್ನೆ: ಸರ್, ನಮ್ಮ ಘಟಕದಲ್ಲಿ ಹಬೆಯಿಂದ ನೀರು ಬಿಸಿ ಮಾಡುವ ಹೀಟ್ ಎಕ್ಸ್‌ಚೇಂಜರ್ ಇದೆ. ಕಾಲೇಜಿನಲ್ಲಿ ಕಲಿತ ಪ್ರಕಾರ, ಗೇನ್ ಏರಿಸುತ್ತಾ ಹೋಗಿ ಲೂಪ್ ಒಂದೇ ಸಮನೆ ತೂಗಾಡತೊಡಗಿದಾಗ ಅಲ್ಟಿಮೇಟ್ ಗೇನ್ ಮತ್ತು ಅವಧಿಯನ್ನು ಬರೆದುಕೊಳ್ಳಬೇಕು. ಕಂಟ್ರೋಲರ್‌ನ ಆಟೋಟ್ಯೂನ್ ರಿಲೇ ವಿಧಾನದಿಂದ ಅದೇ ಎರಡು ಸಂಖ್ಯೆಗಳನ್ನು ಹುಡುಕುತ್ತದೆ, ಆದರೆ ಲೂಪ್ ಅಸ್ಥಿರವಾಗುವುದಿಲ್ಲ ಎನ್ನುತ್ತಾರೆ. ಅಲ್ಲಿಯೂ ತಾಪಮಾನ ತೂಗಾಡುತ್ತದಲ್ಲವೇ? ಹಾಗಾದರೆ ವ್ಯತ್ಯಾಸವೇನು? ಅದು ಕೊಡುವ ಸಂಖ್ಯೆಯನ್ನು ಎಷ್ಟು ನಂಬಬಹುದು?

ಉತ್ತರ: ಎರಡೂ ಪ್ರಯೋಗಗಳಲ್ಲಿ ತಾಪಮಾನ ಏರಿಳಿಯುತ್ತದೆ ಎಂಬುದು ನಿಜ. ಆದರೆ ಏರಿಳಿತದ ಎತ್ತರವನ್ನು ನಿರ್ಧರಿಸುವವರು ಯಾರು ಎಂಬಲ್ಲಿ ಎರಡೂ ಬೇರೆಯಾಗುತ್ತವೆ. ಗೇನ್ ಏರಿಸುವ ವಿಧಾನದಲ್ಲಿ ಆ ಎತ್ತರಕ್ಕೆ ಒಡೆಯರೇ ಇಲ್ಲ. ರಿಲೇ ವಿಧಾನದಲ್ಲಿ ವಾಲ್ವ್ ಎಷ್ಟು ಅಲುಗಬೇಕೆಂಬುದನ್ನು ನೀವು ಮೊದಲೇ ಗೊತ್ತುಮಾಡಿರುತ್ತೀರಿ, ಉಳಿದದ್ದನ್ನು ಲೂಪ್ ತಾನೇ ಹೊಂದಿಸಿಕೊಳ್ಳುತ್ತದೆ.

ಜೀಗ್ಲರ್ ಮತ್ತು ನಿಕೋಲ್ಸ್ 1942ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಇಂಟಿಗ್ರಲ್ ಮತ್ತು ಡೆರಿವೇಟಿವ್ ಕ್ರಿಯೆಗಳನ್ನು ತೆಗೆದುಹಾಕಿ, ಬರೀ ಪ್ರೊಪೋರ್ಷನಲ್ ಗೇನ್ ಅನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಗೇನ್ ಸರಿಯಾಗಿ ಅಲ್ಟಿಮೇಟ್ ಮೌಲ್ಯಕ್ಕೆ, ಅಂದರೆ Ku ಗೆ, ಸಮನಾದಾಗ ಮಾತ್ರ ಏರಿಳಿತವು ಬೆಳೆಯದೆ, ಕುಗ್ಗದೆ ಹಾಗೆಯೇ ಉಳಿಯುತ್ತದೆ. ತೊಂದರೆಯೇನೆಂದರೆ, ಆ ಬಿಂದುವಿನಲ್ಲಿ ಏರಿಳಿತದ ಎತ್ತರ ಇಷ್ಟೇ ಇರಬೇಕೆಂದು ಹೇಳುವ ಯಾವುದೂ ಸರಳರೇಖೀಯ ಲೂಪಿನಲ್ಲಿ ಇರುವುದಿಲ್ಲ. ಗೇನ್ ಕೂದಲೆಳೆಯಷ್ಟು ಕಡಿಮೆಯಿದ್ದರೆ ಏರಿಳಿತ ನಿಧಾನವಾಗಿ ಸಾಯುತ್ತದೆ. ಅಷ್ಟೇ ಹೆಚ್ಚಾಗಿದ್ದರೆ, ವಾಲ್ವ್ ಪೂರ್ತಿ ತೆರೆದು ಪೂರ್ತಿ ಮುಚ್ಚುವ ಮಿತಿಗೆ ತಾಗುವವರೆಗೆ ಅದು ಬೆಳೆಯುತ್ತಲೇ ಹೋಗುತ್ತದೆ. ಸಾಯುತ್ತಿದೆಯೋ ಬೆಳೆಯುತ್ತಿದೆಯೋ ಎಂದು ತಿಳಿಯಲು ಹಲವು ಸುತ್ತು ಕಾಯಬೇಕು, ಕಾಯುವಾಗಲೆಲ್ಲ ಘಟಕವು ಅಂಚಿನಲ್ಲಿಯೇ ನಿಂತಿರುತ್ತದೆ.

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಕಾರ್ಲ್ ಯೋಹಾನ್ ಓಸ್ಟ್ರೋಮ್ ಮತ್ತು ತೋರೆ ಹೆಗ್‌ಲುಂಡ್ 1984ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಕಂಟ್ರೋಲರ್ ಅನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಅದರ ಜಾಗದಲ್ಲಿ ಒಂದು ರಿಲೇ ಇಡಲು ಸೂಚಿಸಿದರು. ಇಲ್ಲಿ ರಿಲೇ ಎಂದರೆ ಪ್ಯಾನೆಲ್‌ನಲ್ಲಿ ಟಕ್ಕೆನ್ನುವ ಸಾಧನವಲ್ಲ, ಪ್ರೋಗ್ರಾಮಿನೊಳಗಿನ ಎರಡೇ ಸಾಲಿನ ನಿಯಮ:

```
e := SP - PV;
IF e >  eps THEN u := u0 + d; END_IF;
IF e < -eps THEN u := u0 - d; END_IF;
```

ತಾಪಮಾನ ಸೆಟ್‌ಪಾಯಿಂಟ್‌ಗಿಂತ ಕೆಳಗಿದ್ದರೆ ವಾಲ್ವ್ ಅನ್ನು ಅದರ ನೆಲೆಯಾದ u0 ಗಿಂತ d ಯಷ್ಟು ಹೆಚ್ಚು ತೆರೆಯಬೇಕು, ಮೇಲಿದ್ದರೆ ಅಷ್ಟೇ ಕಡಿಮೆ ಮಾಡಬೇಕು. ಇವೆರಡರ ನಡುವೆ ಬೇರೆ ಯಾವ ಸ್ಥಿತಿಯೂ ಇಲ್ಲ. eps ಎಂಬುದು ನಾಯ್ಸ್‌ಗಾಗಿ ಬಿಟ್ಟ ಸಣ್ಣ ಅಂತರ, ಅದಕ್ಕೆ ಮುಂದೆ ಬರುತ್ತೇನೆ. ಸದ್ಯಕ್ಕೆ ಅದನ್ನು ಸೊನ್ನೆ ಎಂದುಕೊಳ್ಳಿ.

ಈ ಲೂಪ್ ಯಾವ ವೇಗದಲ್ಲಿ ತೂಗಾಡುತ್ತದೆ ಎಂಬುದನ್ನು ಮೊದಲು ನೋಡೋಣ. ರಿಲೇ ತಪ್ಪನ್ನು ಕಂಡ ಕ್ಷಣದಲ್ಲೇ ತಿರುಗುತ್ತದೆ, ತಾನಾಗಿ ಯಾವ ತಡವನ್ನೂ ಸೇರಿಸುವುದಿಲ್ಲ. ಋಣ ಫೀಡ್‌ಬ್ಯಾಕ್ ಆಗಿರುವುದರಿಂದ ಚಿಹ್ನೆ ಬದಲಾವಣೆಯಿಂದ 180 ಡಿಗ್ರಿ ಸಿಗುತ್ತದೆ. ಏರಿಳಿತವು ಲೂಪನ್ನು ಒಂದು ಸುತ್ತು ಬಂದು ತನ್ನನ್ನೇ ತಾನು ಮುಂದುವರಿಸಬೇಕಾದರೆ ಉಳಿದ 180 ಡಿಗ್ರಿ ಹಿನ್ನಡೆಯನ್ನು ಪ್ರಕ್ರಿಯೆಯೇ ಕೊಡಬೇಕು. ಆ ಹಿನ್ನಡೆ ಒಂದೇ ಒಂದು ಆವರ್ತನದಲ್ಲಿ ಸರಿಹೊಂದುತ್ತದೆ, ಮತ್ತು ಜೀಗ್ಲರ್–ನಿಕೋಲ್ಸ್ ಪ್ರಯೋಗದಲ್ಲಿ ಲೂಪ್ ತೂಗಾಡುವ ಆವರ್ತನವೂ ಅದೇ. ಅಂದರೆ ಅಲ್ಟಿಮೇಟ್ ಅವಧಿ Pu ಎಷ್ಟಿರಬಹುದೆಂದು ಮೊದಲೇ ಊಹಿಸುವ ಅಗತ್ಯ ಇಲ್ಲಿಲ್ಲ. ನಿಮಿಷದ ಲೂಪ್ ಆಗಲಿ, ಗಂಟೆಯ ಲೂಪ್ ಆಗಲಿ, ರಿಲೇ ಅದರ ಆವರ್ತನಕ್ಕೆ ತಾನಾಗಿಯೇ ಹೋಗಿ ನಿಲ್ಲುತ್ತದೆ.

ಇನ್ನು ಗೇನ್. ರಿಲೇ ಹೊರಹಾಕುವುದು ಚೌಕಾಕಾರದ ಅಲೆ. ಅದರ ಎತ್ತರ d ಆಗಿದ್ದರೆ, ಅದರೊಳಗೆ ಅಡಗಿರುವ ಮೂಲ ಸೈನ್ ಅಲೆಯ ಎತ್ತರ 4d/π ಎಂದು ಫೂರಿಯೇ ಲೆಕ್ಕ ಹೇಳುತ್ತದೆ. ಉಳಿದ ಮೂರನೆಯ, ಐದನೆಯ ಹಾರ್ಮೋನಿಕ್‌ಗಳನ್ನು ಪ್ರಕ್ರಿಯೆ ಬಹುಪಾಲು ಸೋಸಿಬಿಡುವುದರಿಂದ ತಾಪಮಾನದ ಅಲೆ ಸುಮಾರಾಗಿ ಸೈನ್ ಆಕಾರಕ್ಕೆ ಹತ್ತಿರವಿರುತ್ತದೆ ಎಂದು ಒಪ್ಪಿಕೊಳ್ಳೋಣ. ಅದರ ಎತ್ತರವನ್ನು, ಅಂದರೆ ನಡುಗೆರೆಯಿಂದ ತುದಿಯವರೆಗಿನ ದೂರವನ್ನು, a ಎಂದು ಕರೆದರೆ, ಒಳಬಂದ ಅಲೆಗೂ ಹೊರಹೋದ ಅಲೆಗೂ ಇರುವ ಅನುಪಾತವೇ ಆ ಕ್ಷಣಕ್ಕೆ ರಿಲೇಯ ಗೇನ್:

```
Ku = 4d / (π a)
```

ನಿಮ್ಮ ಪ್ರಶ್ನೆಗೆ ಉತ್ತರ ಅಡಗಿರುವುದು ಈ ಸೂತ್ರದ ಛೇದದಲ್ಲಿ. ಪ್ರೊಪೋರ್ಷನಲ್ ಕಂಟ್ರೋಲರ್‌ನ ಗೇನ್ ನೀವು ಇಟ್ಟಷ್ಟೇ ಇರುತ್ತದೆ. ರಿಲೇಯ ಗೇನ್ ಮಾತ್ರ ಏರಿಳಿತ ಎಷ್ಟು ದೊಡ್ಡದೋ ಅಷ್ಟು ಚಿಕ್ಕದು. ಏರಿಳಿತ ಸಣ್ಣದಾಗಿದ್ದಾಗ ರಿಲೇ ಭಾರಿ ಗೇನ್‌ನಂತೆ ವರ್ತಿಸಿ ಅದನ್ನು ಬೆಳೆಸುತ್ತದೆ. ಬೆಳೆದಂತೆ ಗೇನ್ ಇಳಿಯುತ್ತದೆ. ಅಕಸ್ಮಾತ್ ಏರಿಳಿತ ಮಿತಿಮೀರಿ ದೊಡ್ಡದಾದರೆ ಗೇನ್ Ku ಗಿಂತ ಕೆಳಗಿಳಿದು ಅದನ್ನು ಕುಗ್ಗಿಸುತ್ತದೆ. ಎರಡು ಕಡೆಯಿಂದಲೂ ತಳ್ಳಲ್ಪಟ್ಟು ಲೂಪ್ ನಿಲ್ಲುವ ಜಾಗದಲ್ಲಿ ರಿಲೇಯ ಗೇನ್ Ku ಗೆ ಸಮನಾಗಿರುತ್ತದೆ. ಜೀಗ್ಲರ್–ನಿಕೋಲ್ಸ್ ವಿಧಾನದಲ್ಲಿ ಆಪರೇಟರ್ ಗುಂಡಿ ತಿರುಗಿಸುತ್ತಾ ಮಾಡುವ ಹುಡುಕಾಟವನ್ನು ಇಲ್ಲಿ ಏರಿಳಿತವೇ ಮಾಡಿಕೊಳ್ಳುತ್ತದೆ. ಜೊತೆಗೆ ಏನೇ ಆದರೂ ವಾಲ್ವ್ u0 ಯಿಂದ d ಗಿಂತ ಆಚೆ ಹೋಗುವುದಿಲ್ಲವಾದ್ದರಿಂದ, ತಾನಾಗಿ ನೆಲೆಗೊಳ್ಳುವ ಪ್ರಕ್ರಿಯೆಯಲ್ಲಿ ತಾಪಮಾನಕ್ಕೂ ಒಂದು ಮೇಲ್ಮಿತಿ ಖಚಿತವಾಗಿ ಇದ್ದೇ ಇರುತ್ತದೆ.

ನಿಮ್ಮ ಹೀಟ್ ಎಕ್ಸ್‌ಚೇಂಜರ್‌ಗೆ ಹೋಲುವ ಒಂದು ಮಾದರಿಯನ್ನೇ ತೆಗೆದುಕೊಂಡು ಇದನ್ನು ಲೆಕ್ಕ ಹಾಕೋಣ. ಮಾದರಿಯಾದರೆ ನಿಜವಾದ ಉತ್ತರ ಮೊದಲೇ ಗೊತ್ತಿರುತ್ತದೆ, ರಿಲೇ ಕೊಟ್ಟ ಉತ್ತರವನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು. ಹಬೆಯ ವಾಲ್ವ್ ಶೇಕಡಾ 1 ತೆರೆದರೆ ನೀರಿನ ತಾಪಮಾನ ಕೊನೆಗೆ 1.5 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಟೈಮ್ ಕಾನ್‌ಸ್ಟಂಟ್ 100 ಸೆಕೆಂಡು, ಡೆಡ್ ಟೈಮ್ 25 ಸೆಕೆಂಡು ಎಂದಿಟ್ಟುಕೊಳ್ಳಿ. ಸೆಟ್‌ಪಾಯಿಂಟ್ 70 ಡಿಗ್ರಿ, ಅಲ್ಲಿ ವಾಲ್ವ್ ಶೇಕಡಾ 40ರಲ್ಲಿ ನೆಲೆನಿಂತಿದೆ. d ಯನ್ನು ಶೇಕಡಾ 5 ಎಂದು ಆರಿಸಿದರೆ ವಾಲ್ವ್ 45 ಮತ್ತು 35ರ ನಡುವೆ ಮಾತ್ರ ಓಡಾಡುತ್ತದೆ. ರಿಲೇ ಒಂದೇ ಕಡೆ ಸಿಕ್ಕಿಕೊಂಡು ಎಂದೆಂದಿಗೂ ಹಾಗೆಯೇ ಉಳಿದರೂ ತಾಪಮಾನ 70ರಿಂದ 7.5 ಡಿಗ್ರಿ ಮಾತ್ರ ಸರಿಯಬಲ್ಲದು. ಪ್ರಯೋಗಕ್ಕೆ ಮೊದಲು ಉತ್ಪಾದನಾ ವಿಭಾಗದವರಿಗೆ ಹೇಳಬೇಕಾದ ಸಂಖ್ಯೆ ಇದು. ಗೇನ್ ಏರಿಸುವ ವಿಧಾನದಲ್ಲಿ ಇಂಥ ಭರವಸೆಯನ್ನು ಯಾರೂ ಕೊಡಲಾರರು.

ಪ್ರಯೋಗ ಶುರುವಾದಾಗ ವಾಲ್ವ್ 45ಕ್ಕೆ ಜಿಗಿಯುತ್ತದೆ. ಮೊದಲ 25 ಸೆಕೆಂಡು ತಾಪಮಾನದಲ್ಲಿ ಏನೂ ಕಾಣುವುದಿಲ್ಲ. 25ನೆಯ ಸೆಕೆಂಡಿನಲ್ಲಿ ಅದು 70ನ್ನು ದಾಟತೊಡಗುತ್ತದೆ, ರಿಲೇ ಕೂಡಲೇ 35ಕ್ಕೆ ತಿರುಗುತ್ತದೆ. ಆದರೆ ಈ ತಿರುವಿನ ಸುದ್ದಿ ತಾಪಮಾನಕ್ಕೆ ತಲುಪಲು ಮತ್ತೆ 25 ಸೆಕೆಂಡು ಬೇಕಾದ್ದರಿಂದ ಅದು ಏರುತ್ತಲೇ ಇದ್ದು 50ನೆಯ ಸೆಕೆಂಡಿನಲ್ಲಿ 71.66ಕ್ಕೆ ಮುಟ್ಟುತ್ತದೆ. ಅಲ್ಲಿಂದ ಇಳಿದು 70ನೆಯ ಸೆಕೆಂಡಿನಲ್ಲಿ ಸೆಟ್‌ಪಾಯಿಂಟ್ ದಾಟುವಾಗ ರಿಲೇ ಮತ್ತೆ 45ಕ್ಕೆ ಬರುತ್ತದೆ, ತಾಪಮಾನ 95ನೆಯ ಸೆಕೆಂಡಿನಲ್ಲಿ 68.34ರ ತಳ ಕಂಡು 115ನೆಯ ಸೆಕೆಂಡಿನಲ್ಲಿ ಮತ್ತೆ 70ಕ್ಕೆ ಬರುತ್ತದೆ. ತಿರುವುಗಳು 25, 70, 115ನೆಯ ಸೆಕೆಂಡುಗಳಲ್ಲಿ, ಅಂದರೆ 45 ಸೆಕೆಂಡಿಗೊಮ್ಮೆ. ಒಂದು ಪೂರ್ತಿ ಸುತ್ತು 90 ಸೆಕೆಂಡು, ಎತ್ತರ 1.66 ಡಿಗ್ರಿ. ಈ ಸರಳ ಮಾದರಿ ಮೊದಲ ಸುತ್ತಿನಲ್ಲೇ ಹದಕ್ಕೆ ಬರುತ್ತದೆ. ನಿಜವಾದ ಘಟಕದಲ್ಲಿ ಮೊದಲ ಒಂದೆರಡು ಸುತ್ತುಗಳನ್ನು ಲೆಕ್ಕಕ್ಕೆ ಹಿಡಿಯದೆ, ಮುಂದಿನ ಮೂರ್ನಾಲ್ಕು ಸುತ್ತುಗಳು ಒಂದರಂತೆ ಇನ್ನೊಂದು ಬಂದಾಗ ಅಳೆಯುವುದು ವಾಡಿಕೆ.

ಸೂತ್ರಕ್ಕೆ ಹಾಕಿದರೆ Ku = 4 × 5 / (3.1416 × 1.66), ಅಂದರೆ ಡಿಗ್ರಿಗೆ ಶೇಕಡಾ 3.84. Pu 90 ಸೆಕೆಂಡು. ಮಾದರಿಯ ಸಮೀಕರಣವನ್ನು ನೇರವಾಗಿ ಬಿಡಿಸಿದರೆ ನಿಜವಾದ Pu 91.6 ಸೆಕೆಂಡು, ನಿಜವಾದ Ku 4.62. ಅವಧಿ ಹೆಚ್ಚುಕಡಿಮೆ ಸರಿಯಾಗಿಯೇ ಸಿಕ್ಕಿದೆ, ಗೇನ್ ಮಾತ್ರ ಶೇಕಡಾ 17ರಷ್ಟು ಕಡಿಮೆ ಬಂದಿದೆ.

ಈ ಶೇಕಡಾ 17 ಎಲ್ಲಿಂದ ಬಂತು ಎಂಬುದು ತಿಳಿದಿದ್ದರೆ ಆಟೋಟ್ಯೂನ್ ಕೊಟ್ಟ ಸಂಖ್ಯೆಯನ್ನು ಎಷ್ಟು ನಂಬಬೇಕು ಎಂಬುದೂ ತಿಳಿಯುತ್ತದೆ. ನಾವು ಹಾರ್ಮೋನಿಕ್‌ಗಳು ಸೋಸಿಹೋಗುತ್ತವೆ ಎಂದು ಒಪ್ಪಿಕೊಂಡೆವಷ್ಟೆ. ಚೌಕಾಕಾರದ ಅಲೆಯಲ್ಲಿ ಮೂರನೆಯ ಹಾರ್ಮೋನಿಕ್ ಮೂಲ ಅಲೆಯ ಮೂರನೆಯ ಒಂದರಷ್ಟಿರುತ್ತದೆ, ಈ ಪ್ರಕ್ರಿಯೆ ಅದನ್ನು ಇನ್ನು ಸುಮಾರು ಮೂರನೆಯ ಒಂದಕ್ಕೆ ಇಳಿಸುತ್ತದೆ. ಹಾಗಾಗಿ ಒಂಬತ್ತನೆಯ ಒಂದರಷ್ಟು ಉಳಿಯುತ್ತದೆ, ಐದನೆಯದು ಇಪ್ಪತ್ತೈದನೆಯ ಒಂದರಷ್ಟು. ಇವೆಲ್ಲ ತುದಿಯಲ್ಲಿ ಒಂದರ ಮೇಲೊಂದು ಕೂಡಿ ಅಲೆಯನ್ನು ತ್ರಿಕೋನದಂತೆ ಚೂಪಾಗಿಸುತ್ತವೆ. ನೀವು ಟ್ರೆಂಡ್‌ನಲ್ಲಿ ಅಳೆದ 1.66 ಡಿಗ್ರಿ ಆ ಚೂಪು ತುದಿಯ ಎತ್ತರ; ಅದರೊಳಗಿನ ಮೂಲ ಸೈನ್ ಅಲೆಯ ಎತ್ತರ 1.35 ಡಿಗ್ರಿ ಮಾತ್ರ. ತುದಿಯ ಬದಲು ಒಂದು ಪೂರ್ತಿ ಸುತ್ತಿನ ಮಾದರಿಗಳಿಂದ ಮೂಲ ಅಲೆಯನ್ನು ಫೂರಿಯೇ ಮೊತ್ತದ ಮೂಲಕ ಬೇರ್ಪಡಿಸಿ ಸೂತ್ರಕ್ಕೆ ಹಾಕಿದರೆ Ku 4.7 ಬರುತ್ತದೆ, ತಪ್ಪು ಶೇಕಡಾ 2ಕ್ಕೆ ಇಳಿಯುತ್ತದೆ. ಟ್ರೆಂಡ್‌ನ ದತ್ತಾಂಶವನ್ನು ಸ್ಪ್ರೆಡ್‌ಶೀಟ್‌ಗೆ ಇಳಿಸಿಕೊಳ್ಳಲು ಸಾಧ್ಯವಿದ್ದರೆ ಇದು ಸ್ವಲ್ಪ ಹೊತ್ತಿನ ಕೆಲಸ, ನನ್ನ ಅಭಿಪ್ರಾಯದಲ್ಲಿ ಮಾಡಲೇಬೇಕಾದ ಕೆಲಸ.

ನಿಮ್ಮ ಲೂಪಿನಂತೆ ಡೆಡ್ ಟೈಮ್ ಚಿಕ್ಕದಾಗಿದ್ದು ಟೈಮ್ ಕಾನ್‌ಸ್ಟಂಟ್ ದೊಡ್ಡದಾಗಿರುವ ಕಡೆ ತಪ್ಪು ಗೇನ್ ಅನ್ನು ಕಡಿಮೆ ತೋರಿಸುತ್ತದೆ, ಹಾಗಾಗಿ ಟ್ಯೂನಿಂಗ್ ಸ್ವಲ್ಪ ಮೆತ್ತಗಾಗುತ್ತದೆಯೇ ಹೊರತು ಅಪಾಯವಿಲ್ಲ. ಡೆಡ್ ಟೈಮ್ ದೊಡ್ಡದಾದ ಲೂಪ್‌ಗಳಲ್ಲಿ ಚಿತ್ರ ತಿರುವುಮುರುವಾಗುತ್ತದೆ, ಎಚ್ಚರ ಬೇಕಿರುವುದು ಅಲ್ಲಿ. ಡೆಡ್ ಟೈಮ್ ಟೈಮ್ ಕಾನ್‌ಸ್ಟಂಟ್‌ನ ಐದು ಪಟ್ಟು ಇದ್ದರೆ ತಾಪಮಾನದ ಅಲೆಯೂ ಹೆಚ್ಚುಕಡಿಮೆ ಚೌಕಾಕಾರವಾಗುತ್ತದೆ. ಚೌಕದ ತುದಿಯ ಎತ್ತರ ಅದರ ಮೂಲ ಅಲೆಗಿಂತ ಕಡಿಮೆಯಿರುವುದರಿಂದ Ku ನಿಜಕ್ಕಿಂತ ಶೇಕಡಾ 13ರಷ್ಟು ಹೆಚ್ಚು ಸಿಗುತ್ತದೆ. ಬರೀ ಡೆಡ್ ಟೈಮ್ ಮಾತ್ರ ಇರುವ ಕೊನೆಯ ಸ್ಥಿತಿಯಲ್ಲಿ ಈ ತಪ್ಪು ಶೇಕಡಾ 27ರವರೆಗೆ ಹೋಗುತ್ತದೆ. ಉದ್ದನೆಯ ಪೈಪಿನ ಕೊನೆಯಲ್ಲಿ ಸೆನ್ಸರ್ ಇರುವ ಲೂಪ್, ಕನ್ವೇಯರ್ ಮೇಲೆ ಬಹುದೂರದಲ್ಲಿ ತೇವಾಂಶ ಅಳೆಯುವ ಲೂಪ್, ಇವು ಈ ಗುಂಪಿನವು. ಗುರುತಿಸುವುದು ಕಷ್ಟವಲ್ಲ. ಟ್ರೆಂಡ್‌ನಲ್ಲಿ ಅಲೆ ತ್ರಿಕೋನದಂತಿದ್ದರೆ ಸಿಕ್ಕ ಗೇನ್ ಕಡಿಮೆಯ ಕಡೆಗಿದೆ. ತುದಿಗಳು ಚಪ್ಪಟೆಯಾಗಿದ್ದರೆ ಹೆಚ್ಚಿನ ಕಡೆಗಿದೆ, ಅದನ್ನು ತಗ್ಗಿಸಿ ಬಳಸಬೇಕು.

ಈಗ eps ಕಡೆಗೆ. ಸೆನ್ಸರ್‌ನ ನಾಯ್ಸ್ ಇರುವಾಗ ತಾಪಮಾನ ಸೆಟ್‌ಪಾಯಿಂಟ್ ದಾಟುವ ಹೊತ್ತಿನಲ್ಲಿ ರಿಲೇ ಹಲವು ಬಾರಿ ಹಿಂದುಮುಂದಾಗಿ ತಿರುಗಿ ವಾಲ್ವ್ ಅನ್ನು ಪಟಪಟನೆ ಬಡಿಯುತ್ತದೆ. ಅದನ್ನು ತಡೆಯಲು ನಾಯ್ಸ್‌ಗಿಂತ ತುಸು ದೊಡ್ಡದಾದ ಹಿಸ್ಟೆರಿಸಿಸ್ ಇಡುತ್ತಾರೆ. ಮೊದಲು ಲೂಪನ್ನು ಮ್ಯಾನುಯಲ್‌ನಲ್ಲಿಟ್ಟು, ವಾಲ್ವ್ ಅಲುಗಿಸದೆ, ತಾಪಮಾನದ ಗೆರೆ ಎಷ್ಟು ದಪ್ಪವಾಗಿದೆ ಎಂದು ಕೆಲವು ನಿಮಿಷ ನೋಡಿದರೆ ನಾಯ್ಸ್ ಎಷ್ಟೆಂದು ತಿಳಿಯುತ್ತದೆ. ಆದರೆ ಹಿಸ್ಟೆರಿಸಿಸ್ ಎಂದರೆ ರಿಲೇ ತಡವಾಗಿ ತಿರುಗುವುದು ಎಂದರ್ಥ, ರಿಲೇ ತಾನಾಗಿ ಯಾವ ತಡವನ್ನೂ ಸೇರಿಸುವುದಿಲ್ಲ ಎಂಬ ನಮ್ಮ ಆಧಾರವೇ ಅಲ್ಲಿ ಸಡಿಲವಾಗುತ್ತದೆ. ಇದೇ ಮಾದರಿಯಲ್ಲಿ eps ಅನ್ನು 0.3 ಡಿಗ್ರಿ ಇಟ್ಟು ಲೆಕ್ಕ ಹಾಕಿದರೆ ಎತ್ತರ 1.66ರಿಂದ 1.89ಕ್ಕೆ, ಅವಧಿ 90ರಿಂದ 103 ಸೆಕೆಂಡಿಗೆ ಏರುತ್ತದೆ, Ku 3.37ಕ್ಕೆ ಇಳಿಯುತ್ತದೆ. ಲೂಪ್ ಈಗ ತೂಗಾಡುತ್ತಿರುವುದು 180 ಡಿಗ್ರಿ ಹಿನ್ನಡೆಯ ಬಿಂದುವಿನಲ್ಲಲ್ಲ, ಸುಮಾರು 12 ಡಿಗ್ರಿ ಈಚೆಗೆ. eps ದೊಡ್ಡದಾದಷ್ಟೂ ಈ ಅಂತರ ಹೆಚ್ಚುತ್ತದೆ. ಆದ್ದರಿಂದ d ಯನ್ನು ಆರಿಸುವಾಗ ಏರಿಳಿತದ ಎತ್ತರ eps ನ ಕನಿಷ್ಠ ಐದಾರು ಪಟ್ಟಾದರೂ ಇರಬೇಕೆಂದು ನೋಡಿಕೊಳ್ಳುವುದು ಒಳ್ಳೆಯದು. ನಾಯ್ಸ್ ಅಷ್ಟು ಜಾಸ್ತಿಯಿದ್ದರೆ d ಯನ್ನು ಏರಿಸಬೇಕು, ಅದಕ್ಕೆ ಪ್ರಕ್ರಿಯೆ ಅವಕಾಶ ಕೊಡದಿದ್ದರೆ ಸೆನ್ಸರ್‌ನ ವೈರಿಂಗ್, ಅರ್ಥಿಂಗ್‌ಗಳನ್ನು ಮೊದಲು ಸರಿಪಡಿಸಬೇಕು.

ಇದಕ್ಕಿಂತ ಹೆಚ್ಚು ಜನರನ್ನು ದಾರಿ ತಪ್ಪಿಸುವುದು u0 ತಪ್ಪಾಗಿರುವುದು. ವಾಲ್ವ್ ಶೇಕಡಾ 40ರಲ್ಲಿ ನೆಲೆನಿಂತಿದೆ ಎಂದುಕೊಂಡು ನೀವು ಪ್ರಯೋಗ ಶುರುಮಾಡಿದಿರಿ, ಅಷ್ಟರಲ್ಲಿ ನೀರಿನ ಹರಿವು ಸ್ವಲ್ಪ ಹೆಚ್ಚಾಗಿ ಈಗ 70 ಡಿಗ್ರಿ ಉಳಿಸಿಕೊಳ್ಳಲು ಶೇಕಡಾ 42 ಬೇಕಾಯಿತು ಎಂದುಕೊಳ್ಳಿ. ರಿಲೇ ಇನ್ನೂ 45 ಮತ್ತು 35ರ ನಡುವೆಯೇ ಆಡುತ್ತಿದೆ. ಆದರೆ ಪ್ರಕ್ರಿಯೆಗೆ ಅದು ಈಗ 3 ಹೆಚ್ಚು ಮತ್ತು 7 ಕಡಿಮೆ. ಲೆಕ್ಕ ಹಾಕಿದರೆ ವಾಲ್ವ್ 45ರಲ್ಲಿ 66.6 ಸೆಕೆಂಡು, 35ರಲ್ಲಿ 34.1 ಸೆಕೆಂಡು ಇರುತ್ತದೆ; ಒಂದು ಸುತ್ತು 90ರ ಬದಲು 100.7 ಸೆಕೆಂಡಾಗುತ್ತದೆ. ತಾಪಮಾನ 70ರ ಮೇಲೆ 1 ಡಿಗ್ರಿ, ಕೆಳಗೆ 2.32 ಡಿಗ್ರಿ ಹೋಗುತ್ತದೆ. ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗಿನ ಒಟ್ಟು ದೂರ ಮಾತ್ರ ಮೊದಲಿನಷ್ಟೇ, 3.32 ಡಿಗ್ರಿ. ಎತ್ತರವನ್ನಷ್ಟೇ ನೋಡುವವರಿಗೆ ಎಲ್ಲ ಸರಿಯಿದೆ ಎಂದೇ ಕಾಣುತ್ತದೆ, ಅವಧಿಯಲ್ಲಿ ಶೇಕಡಾ 12ರ ತಪ್ಪು ಸದ್ದಿಲ್ಲದೆ ಒಳನುಸುಳಿರುತ್ತದೆ. ಹಾಗಾಗಿ ಟ್ರೆಂಡ್‌ನಲ್ಲಿ ತಾಪಮಾನದ ಗೆರೆಗಿಂತ ಮೊದಲು ವಾಲ್ವ್‌ನ ಗೆರೆಯನ್ನು ನೋಡಿ. ಮೇಲಿನ ಮತ್ತು ಕೆಳಗಿನ ಹೊತ್ತುಗಳು ಸಮನಾಗಿಲ್ಲದಿದ್ದರೆ ಒಂದು ಸುತ್ತಿನಲ್ಲಿ ವಾಲ್ವ್‌ನ ಸರಾಸರಿ ಎಷ್ಟಿತ್ತೆಂದು ಲೆಕ್ಕಹಾಕಿ, ಅದನ್ನೇ ಹೊಸ u0 ಮಾಡಿ ಮುಂದುವರಿಸಿ. ಇಲ್ಲಿ ಆ ಸರಾಸರಿ 41.6 ಬರುತ್ತದೆ, ನಿಜವಾದ 42ಕ್ಕೆ ಒಂದೇ ಹೆಜ್ಜೆಯಲ್ಲಿ ಬಹಳ ಹತ್ತಿರ ತಲುಪಿದಂತಾಯಿತು. ಈ ತಿದ್ದುಪಡಿಯನ್ನು ಕಂಟ್ರೋಲರ್ ತಾನೇ ಮಾಡದಿದ್ದರೆ ಪ್ರಯೋಗ ನಿಲ್ಲಿಸಿ, ಮ್ಯಾನುಯಲ್‌ನಲ್ಲಿ ಮತ್ತೆ ನೆಲೆ ಹುಡುಕಿ, ಹೊಸದಾಗಿ ಶುರುಮಾಡುವುದೇ ಮೇಲು. ಹರಿವು ಬದಲಾಗಿ ಬೇಕಾದ ವಾಲ್ವ್ ಸ್ಥಾನ 45ನ್ನೇ ದಾಟಿಬಿಟ್ಟರೆ ತಾಪಮಾನ 70ಕ್ಕೆ ಮರಳುವುದೇ ಇಲ್ಲ, ರಿಲೇ ಒಂದೇ ಕಡೆ ನಿಂತುಬಿಡುತ್ತದೆ. ಆಟೋಟ್ಯೂನ್ ಎಷ್ಟು ಹೊತ್ತಾದರೂ ಮುಗಿಯುತ್ತಿಲ್ಲ ಎಂಬ ದೂರುಗಳಲ್ಲಿ ಇದು ಮೊದಲು ಪರೀಕ್ಷಿಸಬೇಕಾದ ಕಾರಣ.

ಅಸ್ಥಿರವಾಗುವುದಿಲ್ಲ ಎಂಬ ಮಾತಿಗೂ ಗಡಿಗಳಿವೆ. ಮೇಲೆ ಹೇಳಿದ 7.5 ಡಿಗ್ರಿಯ ಮೇಲ್ಮಿತಿ, ವಾಲ್ವ್ ಒಂದು ಕಡೆ ನಿಂತರೆ ತಾನೂ ಒಂದು ಕಡೆ ನಿಲ್ಲುವ ಪ್ರಕ್ರಿಯೆಗೆ ಮಾತ್ರ ಅನ್ವಯಿಸುತ್ತದೆ. ಟ್ಯಾಂಕಿನ ಮಟ್ಟದಂತೆ ಒಳಹರಿವು ಹೆಚ್ಚಿರುವಷ್ಟು ಹೊತ್ತೂ ಏರುತ್ತಲೇ ಹೋಗುವ ಪ್ರಕ್ರಿಯೆಯಲ್ಲಿ ರಿಲೇ ತಿರುಗುತ್ತಿರುವವರೆಗೆ ಏರಿಳಿತ ಮಿತಿಯಲ್ಲಿರುತ್ತದೆ, ಆದರೆ u0 ಬಹಳ ತಪ್ಪಾಗಿದ್ದು ರಿಲೇಯ ಎರಡೂ ಸ್ಥಿತಿಗಳು ಒಂದೇ ದಿಕ್ಕಿಗೆ ತಳ್ಳಿದರೆ ಮಟ್ಟ ನಿಲ್ಲುವುದಿಲ್ಲ. ತಾನಾಗಿಯೇ ಓಡಿಹೋಗುವ ಸ್ವಭಾವದ, ಉದಾಹರಣೆಗೆ ಶಾಖ ಹೊಮ್ಮಿಸುವ ಕೆಲವು ರಿಯಾಕ್ಟರ್‌ಗಳಂಥ ಪ್ರಕ್ರಿಯೆಗಳಲ್ಲಿ ಡೆಡ್ ಟೈಮ್ ತುಸು ದೊಡ್ಡದಾದರೂ ರಿಲೇ ಅದನ್ನು ಹಿಡಿದಿಡಲಾರದು, ಅಲ್ಲಿ ಈ ಪ್ರಯೋಗ ಮಾಡಲೇಬಾರದು. ಇನ್ನೊಂದು ತುದಿಯಲ್ಲಿ, ಡೆಡ್ ಟೈಮ್ ಇಲ್ಲವೇ ಇಲ್ಲ ಎನ್ನುವಂಥ ಒಂದೇ ಟೈಮ್ ಕಾನ್‌ಸ್ಟಂಟ್‌ನ ಲೂಪ್‌ಗೆ ನಿಜವಾದ Ku ಎಂಬುದೇ ಇರುವುದಿಲ್ಲ. ರಿಲೇ ಆಗಲೂ ಒಂದು ಸಂಖ್ಯೆ ಕೊಡುತ್ತದೆ, ಆದರೆ ಅದು ಸ್ಕ್ಯಾನ್ ಟೈಮ್ ಮತ್ತು eps ಸೇರಿ ಹುಟ್ಟಿಸಿದ್ದು. ಅವಧಿ ಕೆಲವೇ ಸ್ಕ್ಯಾನ್‌ಗಳಷ್ಟು ಮಾತ್ರ ಇದೆಯೆಂದು ಕಂಡರೆ ಅದನ್ನು ಪಕ್ಕಕ್ಕಿಡಿ. ವಿದ್ಯುತ್ ಹೀಟರ್‌ಗಳಲ್ಲಿಯೂ ಇದೇ ಜಾತಿಯ ಒಂದು ಬಲೆ ಇದೆ: ಆನ್–ಆಫ್ ಸೈಕಲ್ ಟೈಮ್ 20 ಸೆಕೆಂಡು ಇಟ್ಟಿದ್ದರೆ ಅದು ಡೆಡ್ ಟೈಮ್‌ನಂತೆಯೇ ಲೂಪಿಗೆ ಸೇರುತ್ತದೆ. ಮುಂದೆ ಯಾವ ಸೈಕಲ್ ಟೈಮ್‌ನಲ್ಲಿ ಓಡಿಸುತ್ತೀರೋ ಅದನ್ನೇ ಇಟ್ಟು ಆಟೋಟ್ಯೂನ್ ಮಾಡಬೇಕು.

ಕೊನೆಗೆ ಈ ಎರಡು ಸಂಖ್ಯೆಗಳನ್ನು ಬಳಸುವ ವಿಚಾರ. ಜೀಗ್ಲರ್–ನಿಕೋಲ್ಸ್ ಕೋಷ್ಟಕದ ಪ್ರಕಾರ ಪಿಐಡಿ ಗೇನ್ Ku ನ 0.6 ಭಾಗ, ಇಂಟಿಗ್ರಲ್ ಟೈಮ್ Pu ನ ಅರ್ಧ, ಡೆರಿವೇಟಿವ್ ಟೈಮ್ ಎಂಟನೆಯ ಒಂದು ಭಾಗ. ನಮ್ಮ ಲೂಪಿಗೆ ಅದು 2.3, 45 ಸೆಕೆಂಡು ಮತ್ತು ಸುಮಾರು 11 ಸೆಕೆಂಡು ಆಗುತ್ತದೆ. ಪ್ರತಿ ಏರಿಳಿತವೂ ಹಿಂದಿನದರ ಕಾಲು ಭಾಗಕ್ಕೆ ಇಳಿದರೆ ಸಾಕು ಎಂಬ ಗುರಿಯಿಂದ ಹುಟ್ಟಿದ ಕೋಷ್ಟಕ ಅದು, ಸೆಟ್‌ಪಾಯಿಂಟ್ ಬದಲಿಸಿದರೆ ತಾಪಮಾನ ಚೆನ್ನಾಗಿಯೇ ಮೇಲೆ ಹಾರುತ್ತದೆ. ಹೀಟ್ ಎಕ್ಸ್‌ಚೇಂಜರ್‌ಗೆ ನಾನು 1992ರ ಟೈರಿಯಸ್–ಲೂಬೆನ್ ನಿಯಮದ ಪಿಐ ಅನ್ನು ಮೆಚ್ಚುತ್ತೇನೆ: ಗೇನ್ ಎಂದರೆ Ku ಅನ್ನು 3.2ರಿಂದ ಭಾಗಿಸಿದ್ದು, ಇಲ್ಲಿ ಡಿಗ್ರಿಗೆ ಶೇಕಡಾ 1.2, ಇಂಟಿಗ್ರಲ್ ಟೈಮ್ Pu ನ 2.2 ಪಟ್ಟು, ಅಂದರೆ 198 ಸೆಕೆಂಡು. ಇದು ಗಟ್ಟಿಯಾದ ಆದರೆ ನಿಧಾನದ ಆಯ್ಕೆ. ಹರಿವು ಬದಲಾದ ಮೇಲೆ ತಾಪಮಾನ ಸೆಟ್‌ಪಾಯಿಂಟ್‌ಗೆ ತೆವಳಿಕೊಂಡು ಬರುತ್ತಿದೆ ಎನಿಸಿದರೆ ಗೇನ್ ಮುಟ್ಟದೆ ಇಂಟಿಗ್ರಲ್ ಟೈಮ್ ಅನ್ನು ಹಂತ ಹಂತವಾಗಿ 100 ಸೆಕೆಂಡಿನತ್ತ ತನ್ನಿ. ಈ ಮಾದರಿಯಲ್ಲಿ 1.2 ಮತ್ತು 100 ಸೆಕೆಂಡು ಇಟ್ಟರೂ ಲೂಪ್ ಅಂಚಿಗೆ ಹೋಗಬೇಕಾದರೆ ಗೇನ್ ಇನ್ನೂ ಮೂರೂವರೆ ಪಟ್ಟು ಏರಬೇಕು.

ಇವನ್ನು ಕಂಟ್ರೋಲರ್‌ಗೆ ಕೈಯಾರೆ ಹಾಕುವಾಗ ಏಕಮಾನ ನೋಡಿಕೊಳ್ಳಿ. 1.2 ಎಂಬುದು ಪ್ರತಿ ಡಿಗ್ರಿಗೆ ಶೇಕಡಾ ಎಷ್ಟು ಎಂಬ ಲೆಕ್ಕ. ಟ್ರಾನ್ಸ್‌ಮಿಟರ್‌ನ ವ್ಯಾಪ್ತಿ 0ಯಿಂದ 150 ಡಿಗ್ರಿ ಇದ್ದು, ಕಂಟ್ರೋಲರ್ ವ್ಯಾಪ್ತಿಯ ಶೇಕಡಾವಾರಿನಲ್ಲಿ ಗೇನ್ ಕೇಳುತ್ತಿದ್ದರೆ ಅದು 1.8 ಆಗುತ್ತದೆ, ಪ್ರೊಪೋರ್ಷನಲ್ ಬ್ಯಾಂಡ್ ಕೇಳುತ್ತಿದ್ದರೆ ಶೇಕಡಾ 55.6. ಇಂಟಿಗ್ರಲ್ ಅನ್ನು ನಿಮಿಷದಲ್ಲಿ ಕೇಳಿದರೆ 198 ಸೆಕೆಂಡು 3.3 ನಿಮಿಷ, ನಿಮಿಷಕ್ಕೆ ಎಷ್ಟು ರಿಪೀಟ್ ಎಂದು ಕೇಳಿದರೆ 0.3. ಹಾಕಿದ ಮೇಲೆ ಲೂಪನ್ನು ಆಟೋಗೆ ತಂದು ಸೆಟ್‌ಪಾಯಿಂಟ್ ಅನ್ನು 70ರಿಂದ 71ಕ್ಕೆ ಬದಲಿಸಿ ನೋಡಿ. ಆ ಕ್ಷಣದಲ್ಲಿ ವಾಲ್ವ್ ಸುಮಾರು ಶೇಕಡಾ 1.2 ಜಿಗಿಯಬೇಕು. ಒಂದೂವರೆ ಪಟ್ಟು ಹೆಚ್ಚೋ ಕಡಿಮೆಯೋ ಜಿಗಿದರೆ ವ್ಯಾಪ್ತಿಯ ಲೆಕ್ಕ ಎಲ್ಲೋ ತಪ್ಪಿದೆ. ಜಿಗಿಯದೆ ಬರೀ ಓರೆಯಾಗಿ ಏರತೊಡಗಿದರೆ, ನಿಮ್ಮ ಕಂಟ್ರೋಲರ್ ಪ್ರೊಪೋರ್ಷನಲ್ ಕ್ರಿಯೆಯನ್ನು ಸೆಟ್‌ಪಾಯಿಂಟ್‌ಗೆ ಅನ್ವಯಿಸದೆ ಅಳತೆಯ ಮೇಲೆ ಮಾತ್ರ ನಡೆಸುವ ರಚನೆಯಲ್ಲಿದೆ ಎಂದರ್ಥ. ಆಗ ಈ ಪರೀಕ್ಷೆಯನ್ನು ಸೆಟ್‌ಪಾಯಿಂಟ್ ಬದಲಿಸಿ ಮಾಡದೆ ನೀರಿನ ಹರಿವನ್ನು ಸ್ವಲ್ಪ ಬದಲಿಸಿ, ತಾಪಮಾನ ಎಷ್ಟು ಡಿಗ್ರಿ ಸರಿದಾಗ ವಾಲ್ವ್ ಎಷ್ಟು ಸರಿಯಿತು ಎಂದು ನೋಡಬೇಕಾಗುತ್ತದೆ.